ಚಾರ್ಟಿನ ಒಂದನೇ ಸಾಲು

ದೊಡ್ಡಬಳ್ಳಾಪುರದ ಕ್ಲಬ್ಬಿಗೆ ಒಂದು ಟೆನಿಸ್ ಕೋರ್ಟು, ಎರಡು ಇಸ್ಪೀಟಿನ ಮೇಜು ಮತ್ತು ರಾಮಾಂಜಿನಪ್ಪ ಇದ್ದರು. ರಾಮಾಂಜಿನಪ್ಪ ತಾಲ್ಲೂಕು ಕಚೇರಿಯ ಹೆಡ್ ಮುನ್ಷಿ. ಕ್ಲಬ್ಬಿನ ಸೆಕ್ರೆಟರಿ ಕೆಲಸವನ್ನು ಯಾರೂ ಅವರಿಗೆ ಒಪ್ಪಿಸಿರಲಿಲ್ಲ. ಹಿಂದಿನ ಸೆಕ್ರೆಟರಿಗೆ ವರ್ಗವಾದಾಗ ಬೀಗದ ಕೈಯನ್ನು ಇವರ ಮೇಜಿನ ಮೇಲಿಟ್ಟು ಹೋಗಿದ್ದರು, ಅಷ್ಟೇ. ಅಂದಿನಿಂದ ಕೋರ್ಟಿಗೆ ಸುಣ್ಣದ ಗೆರೆ ಹಾಕಿಸುವುದು, ಹರಿದ ನೆಟ್ಟನ್ನು ನೇಕಾರರ ಕೇರಿಗೆ ಕಳಿಸಿ ಹೊಲಿಸುವುದು, ಪಂದ್ಯಗಳ ರಿಜಿಸ್ಟರು ಬರೆಯುವುದು ಎಲ್ಲವೂ ಅವರದೇ. ಟೆನಿಸ್ ಕೂಡ ಆಡುತ್ತಿದ್ದರು. ಆದರೆ ಅದನ್ನು ಆಟ ಎಂದು ಕರೆದವರು ಅವರೊಬ್ಬರೇ.

೧೯೪೬ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಡೆಪ್ಯುಟಿ ಕಮಿಷನರ ಕಾಗದ ಬಂತು. ಕಳೆದ ವರ್ಷ ಕಪ್ಪು ಕೊಡಲು ಬಂದಿದ್ದ ಡಿ.ಸಿ. ಸಾಹೇಬರು ಫೈನಲ್ ಪಂದ್ಯ ನೋಡುತ್ತ ಕುರ್ಚಿಯಲ್ಲೇ ತೂಕಡಿಸಿದ್ದರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಊರಿನ ಇಬ್ಬರು ನಿಜವಾದ ಆಟಗಾರರಾದ ಕಚೇರಿಯ ಗುಮಾಸ್ತ ಮಹಬೂಬ್ ಮತ್ತು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಗೋಪಾಲಪ್ಪ ಚೀಟಿಯ ದೆಸೆಯಿಂದ ಮೊದಲ ಸುತ್ತಿನಲ್ಲೇ ಎದುರಾಗಿ, ಸೋಮವಾರದ ಬಿಸಿಲಲ್ಲಿ ಮೂರು ಗಂಟೆ ಹೊಡೆದಾಡಿದ್ದರು. ಅದನ್ನು ನೋಡಿದ್ದು ರಾಮಾಂಜಿನಪ್ಪ ಮತ್ತು ಬೇಲಿಯಾಚೆಯ ಎರಡು ಎಮ್ಮೆ. ಗೆದ್ದ ಮಹಬೂಬ್ ಮುಂದೆ ತಾಲ್ಲೂಕು ಕಚೇರಿಯ ಮುಖ್ಯಸ್ಥರಾದ ಅಮಲ್ದಾರರಿಗೆ ಸೋತ. ಕೊನೆಗೆ ಡಿ.ಸಿ. ಸಾಹೇಬರ ಕಣ್ಣಿಗೆ ಬಿದ್ದದ್ದು ಅಮಲ್ದಾರರೂ ಡಾಕ್ಟರೂ ಚೆಂಡನ್ನು ನೆಟ್ಟಿಗೆ ಹೊಡೆಯುವ ದೃಶ್ಯ.

ಈ ಸಲದ ಕಾಗದದಲ್ಲಿ ಎರಡೇ ವಿಷಯ. ಒಂದು: 'ಭಾನುವಾರದ ಫೈನಲ್ಲಿಗೆ ಮಾತ್ರ ಬರುತ್ತೇನೆ, ದಯವಿಟ್ಟು ಚಾರ್ಟನ್ನು ಸೀಡಿಂಗ್ ಮಾಡಿ ತಯಾರಿಸುವುದು.' ಎರಡು: 'ಇಲಾಖೆಗಳ ಪಂದ್ಯಾವಳಿಗೆ ನನ್ನ ಕಚೇರಿಗೆ ಒಬ್ಬ ಆಟಗಾರ ಬೇಕು. ಖಾಯಂ ಗುಮಾಸ್ತರ ಜಾಗ ಒಂದು ಖಾಲಿ ಇದೆ. ಫೈನಲ್ಲಿನಲ್ಲಿ ಯೋಗ್ಯನಾದವನು ಕಂಡರೆ ನೋಡೋಣ.'

ಎರಡನೆಯ ವಿಷಯವನ್ನು ರಾಮಾಂಜಿನಪ್ಪ ಮೂರು ಸಲ ಓದಿದರು. ಮಹಬೂಬನದು ಯುದ್ಧದ ಕಾಲದಲ್ಲಿ ಹುಟ್ಟಿದ ತಾತ್ಕಾಲಿಕ ಹುದ್ದೆ. ಯುದ್ಧ ಮುಗಿದಿತ್ತು. ಮಾರ್ಚ್ ಮೂವತ್ತೊಂದಕ್ಕೆ ಆ ಹುದ್ದೆಯೂ ಮುಗಿಯುತ್ತದೆಂದು ಆರ್ಡರು ಬಂದಿತ್ತು. ಮಹಬೂಬನಿಗೆ ಮೂವತ್ತು ದಾಟಿತ್ತು, ಹೆಂಡತಿ ಜಾಹಿದಾ, ಇಬ್ಬರು ಮಕ್ಕಳು. ನಾಲ್ಕು ವರ್ಷದ ಹಿಂದೆ ಅವನು ಬೆಂಗಳೂರಿನ ಒಂದು ಅಂಗಡಿಯಲ್ಲಿ ನೆಮ್ಮದಿಯಾಗಿದ್ದಾಗ 'ಸರ್ಕಾರಿ ಕೆಲಸ, ಬಾರಯ್ಯಾ' ಎಂದು ಊರಿಗೆ ಕರೆಸಿದ್ದು ಇದೇ ರಾಮಾಂಜಿನಪ್ಪ. ಅದು ಅವರ ಮನಸ್ಸನ್ನು ದಿನವೂ ಚುಚ್ಚುತ್ತಿತ್ತು. ಈಗ ದಾರಿ ಒಂದೇ: ಮಹಬೂಬ್ ಫೈನಲ್ಲಿಗೆ ಬರಬೇಕು, ಡಿ.ಸಿ. ಸಾಹೇಬರು ನೋಡಬೇಕು.

ರಾಮಾಂಜಿನಪ್ಪ ಬೆಂಗಳೂರಿಗೆ ಹೋಗಿ, ಅವೆನ್ಯೂ ರಸ್ತೆಯಲ್ಲಿ ಹಳೆಯ ನಿಯಮದ ಪುಸ್ತಕವೊಂದನ್ನು ಹುಡುಕಿ ತಂದು, ಸೀಡಿಂಗ್ ಎಂಬ ಅಧ್ಯಾಯವನ್ನು ಕಂದಾಯ ಕಾಯಿದೆ ಓದಿದ ಹಾಗೆ ಓದಿದರು. ಓದಿ ಖುಷಿಪಟ್ಟರು. ಇಷ್ಟು ನ್ಯಾಯವಾದ ಏರ್ಪಾಡು ಸರ್ಕಾರದಲ್ಲಿ ಎಲ್ಲೂ ಇರಲಿಲ್ಲ.

ಬುಧವಾರ ಕಮಿಟಿ ಸೇರಿತು. ಅಮಲ್ದಾರ್ ಮುನಿರಾಮಯ್ಯನವರು ಅಧ್ಯಕ್ಷರು. ಡಾಕ್ಟರು, ಪೊಲೀಸ್ ಇನ್ಸ್‌ಪೆಕ್ಟರು, ಸಬ್ ರಿಜಿಸ್ಟ್ರಾರರು ಸದಸ್ಯರು. ರಾಮಾಂಜಿನಪ್ಪ ಹದಿನಾರು ಸಾಲಿನ ಚಾರ್ಟು ಹರಡಿ ನಿಂತು ವಿವರಿಸಿದರು.

"ಹದಿನಾರು ಜನ ಸ್ವಾಮಿ. ಸೋತೋರು ಮನೆಗೆ, ಗೆದ್ದೋರು ಮುಂದಕ್ಕೆ. ನಾಲ್ಕು ಸುತ್ತಿಗೆ ಒಬ್ರು ಉಳೀತಾರೆ. ಬರೀ ಚೀಟಿ ಎತ್ತಿದ್ರೆ ಗಟ್ಟಿ ಆಟಗಾರ್ರಿಬ್ರು ಮೊದ್ಲ ದಿನಾನೇ ಎದುರಾಗಿ ಒಬ್ರು ಹೊರಟೋಗ್ತಾರೆ. ಹಂಗಾಗ್ಬಾರ್ದು ಅಂತಾನೇ ಈ ಸೀಡಿಂಗು: ಎಲ್ರಿಗಿಂತ ಚೆನ್ನಾಗಾಡೋರನ್ನ ಒಂದನೇ ಸಾಲಲ್ಲಿ ಬರ್ಯೋದು, ಎರಡನೇವ್ರನ್ನ ಹದಿನಾರನೇ ಸಾಲಲ್ಲಿ. ಒಬ್ರು ಮೇಲಿನ ಅರ್ಧ, ಒಬ್ರು ಕೆಳಗಿನ ಅರ್ಧ. ಇಬ್ರೂ ಗೆಲ್ತಾ ಬಂದ್ರೆ ಫೈನಲ್ನಲ್ಲೇ ಎದುರಾಗೋದು, ಅದಕ್ಕೆ ಮುಂಚೆ ಸಾಧ್ಯಾನೇ ಇಲ್ಲ. ಮೂರು, ನಾಲ್ಕನೇವ್ರನ್ನ ಐದನೇ ಸಾಲು, ಹನ್ನೆರಡನೇ ಸಾಲು. ಅವರು ಸೆಮಿಫೈನಲ್ವರೆಗೂ ಇವರಿಗೆ ಸಿಕ್ಕಲ್ಲ. ಮಿಕ್ಕ ಹನ್ನೆರಡು ಜನಕ್ಕೆ ಚೀಟಿ."

"ಬಹಳ ಒಳ್ಳೇ ಪದ್ಧತಿ," ಎಂದರು ಅಮಲ್ದಾರರು. "ಒಂದನೇದು ನಾನು. ಬರ್ಕೊಳಿ."

ರಾಮಾಂಜಿನಪ್ಪನವರ ಪೆನ್ನು ಗಾಳಿಯಲ್ಲಿ ನಿಂತಿತು.

"ಎರಡು ಡಾಕ್ಟ್ರು," ಎಂದರು ಅಮಲ್ದಾರರು. ಡಾಕ್ಟರು ತಲೆಬಾಗಿದರು. ಇನ್ಸ್‌ಪೆಕ್ಟರು ಮತ್ತು ಸಬ್ ರಿಜಿಸ್ಟ್ರಾರರಲ್ಲಿ ಮೂರನೆಯವರು ಯಾರು ಎಂಬ ಬಗ್ಗೆ ಸ್ವಲ್ಪ ಚರ್ಚೆಯಾಗಿ, ಇನ್ಸ್‌ಪೆಕ್ಟರ ಸಂಬಳ ಹೆಚ್ಚೆಂದು ಗೊತ್ತಾದ ಮೇಲೆ ಅದೂ ತೀರ್ಮಾನವಾಯಿತು. ಒಟ್ಟು ನಾಲ್ಕು ನಿಮಿಷ ಹಿಡಿಯಿತು.

"ಸ್ವಾಮಿ, ಇದು ಆಟದ ಪ್ರಕಾರ ಅಂತ ಪುಸ್ತಕದಲ್ಲಿ..."

"ಆಟದ ಪ್ರಕಾರಾನೇ ಅಲ್ವೇನ್ರೀ? ಮೂರು ವರ್ಷದಿಂದ ಕಪ್ಪು ಯಾರ ಮನೇಲಿದೆ? ನಾನು ಯಾರ ಕೈಲಾದ್ರೂ ಸೋತಿದ್ರೆ ನಿಮ್ಮ ರಿಜಿಸ್ಟರಲ್ಲಿ ತೋರ್ಸಿ."

ತೋರಿಸುವಂತಿರಲಿಲ್ಲ. ರಿಜಿಸ್ಟರು ರಾಮಾಂಜಿನಪ್ಪನವರ ಕೈಬರಹದಲ್ಲೇ ಇತ್ತು. ಅಮಲ್ದಾರರು ಹನ್ನೆರಡು ಪಂದ್ಯ ಆಡಿ ಹನ್ನೆರಡನ್ನೂ ಗೆದ್ದಿದ್ದರು. ಎದುರು ನಿಂತವರು ಅವರ ಕೈಕೆಳಗಿನ ಶೇಕದಾರರು, ಗುಮಾಸ್ತರು, ಲೈಸೆನ್ಸು ಕೇಳಿ ಅರ್ಜಿ ಹಾಕಿದ್ದ ನೂಲಿನ ವ್ಯಾಪಾರಿಗಳು. ಗೆಲ್ಲುವ ಮನಸ್ಸಾದರೂ ಅವರಿಗೆ ಎಲ್ಲಿಂದ ಬರಬೇಕು? ಅಮಲ್ದಾರರು ಕೆಟ್ಟ ಮನುಷ್ಯರೇನೂ ಅಲ್ಲ. ತಾವು ಚೆನ್ನಾಗಿ ಆಡುತ್ತೇವೆಂದು ಮನಸಾರೆ ನಂಬಿದ್ದರು, ನಂಬದಿರಲು ಊರು ಅವರಿಗೆ ಒಂದು ಕಾರಣವನ್ನೂ ಕೊಟ್ಟಿರಲಿಲ್ಲ.

"ನಮ್ಮ ಮಹಬೂಬನಿಗೆ ಡಿ.ಸಿ. ಕಚೇರಿಯ ಆ ಜಾಗ ಸಿಕ್ಕಿದ್ರೆ ಒಳ್ಳೇದಿತ್ತು," ಎಂದೂ ಅವರೇ ಹೇಳಿದರು. "ಚೆನ್ನಾಗೇ ಆಡ್ತಾನೆ. ಕಡೇಲಿ ಯಾಕೋ ಕೈ ನಡುಗ್ತದೆ, ಪಾಪ."

ರಾಮಾಂಜಿನಪ್ಪ ಬರೆದುಕೊಂಡರು. ಬರೆಯುತ್ತಿರುವಾಗಲೇ ಅವರಿಗೊಂದು ವಿಷಯ ಹೊಳೆದು, ಎದೆ ಹಗುರಾಯಿತು. ಸೀಡು ಸಿಕ್ಕವನಿಗೆ ರಕ್ಷಣೆ ಇರುವುದು ಇನ್ನೊಬ್ಬ ಸೀಡಿನಿಂದ ಮಾತ್ರ. ಈ ನಾಲ್ವರು ಅಧಿಕಾರಿಗಳು ನಾಲ್ಕು ಮೂಲೆ ಹಂಚಿಕೊಂಡು ಒಬ್ಬರಿಂದೊಬ್ಬರು ತಪ್ಪಿಸಿಕೊಂಡಿದ್ದರು. ಒಬ್ಬರಿಂದ ಒಬ್ಬರಿಗೆ ಅಪಾಯವೇನೂ ಇರಲಿಲ್ಲ. ಮಹಬೂಬ್, ಗೋಪಾಲಪ್ಪ ಚೀಟಿಯಲ್ಲಿ ಎಲ್ಲಿ ಬೇಕಾದರೂ ಬೀಳಬಹುದು. ಇಬ್ಬರೂ ಬೇರೆ ಬೇರೆ ಅರ್ಧಕ್ಕೆ ಬಿದ್ದರೆ ಸಾಕು, ಸೀಡಿಂಗ್ ತಾನಾಗಿಯೇ ಆದಂತೆ.

ಹನ್ನೆರಡು ಚೀಟಿಯನ್ನು ಡಾಕ್ಟರ ಹ್ಯಾಟಿನಲ್ಲಿ ಹಾಕಿ ಎಲ್ಲರ ಮುಂದೆ ಎತ್ತಿದರು. ಮಹಬೂಬ್ ಏಳನೇ ಸಾಲು. ಗೋಪಾಲಪ್ಪ ಹದಿನಾಲ್ಕು. ಒಬ್ಬ ಮೇಲೆ, ಒಬ್ಬ ಕೆಳಗೆ! ರಾಮಾಂಜಿನಪ್ಪನವರ ಚೀಟಿ ಎರಡನೇ ಸಾಲಿಗೆ ಬಂತು. ಎಂದರೆ ಮೊದಲ ಸುತ್ತಿನಲ್ಲೇ ಅಮಲ್ದಾರರ ಎದುರು. ಅದರಿಂದ ಯಾರಿಗೂ ವ್ಯತ್ಯಾಸವಾಗುವಂತಿರಲಿಲ್ಲ. ನಾಲ್ವರೂ ಸಹಿ ಹಾಕಿದರು. ಚಾರ್ಟನ್ನು ಹಲಗೆಗೆ ಮೊಳೆ ಹೊಡೆದು, ರಾಮಾಂಜಿನಪ್ಪ ಮನೆಗೆ ಹೋಗಿ ಎರಡು ಲೋಟ ಕಾಫಿ ಕುಡಿದರು.

ಅವರ ಹೆಂಡತಿ ಲಕ್ಷ್ಮೀದೇವಮ್ಮ ಟೆನಿಸ್ ನೋಡಿದವರಲ್ಲ. ಗಂಡ ಖುಷಿಯಿಂದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ ಗೆರೆಗಳನ್ನು, ಅವರೆಕಾಯಿ ಸುಲಿಯುತ್ತಲೇ ನೋಡಿದರು.

"ಇದು ಮಹಬೂಬ?"

"ಹೂಂ."

"ಸಾಹೇಬ್ರು ಯಾವ್ದು?"

"ಮೇಲೆ. ಒಂದನೇ ಸಾಲು."

ಲಕ್ಷ್ಮೀದೇವಮ್ಮ ಎರಡು ಗೆರೆಗಳ ಮೇಲೂ ಬೆರಳು ಎಳೆದುಕೊಂಡು ಬಂದರು. ಎರಡೂ ಒಂದು ಕಡೆ ಸೇರಿದವು.

"ಹಂಗಾದ್ರೆ ಕಡೇ ಆಟಕ್ಕೆ ಹೋಗ್ಬೇಕಾದ್ರೆ ಅವ್ನು ಸಾಹೇಬ್ರನ್ನ ಸೋಲಿಸ್ಬೇಕಲ್ಲ. ಸೋಲಿಸ್ತಾನಾ?"

ರಾಮಾಂಜಿನಪ್ಪ ನೆಲವನ್ನೇ ನೋಡುತ್ತ ಕೂತುಬಿಟ್ಟರು. ಯಾರ ಕೈಯಲ್ಲಿ ಎಷ್ಟು ಬಲ ಎಂದು ಲೆಕ್ಕ ಹಾಕಿದ್ದರೇ ಹೊರತು, ಯಾರು ಯಾರನ್ನು ಸೋಲಿಸುವ ಸ್ಥಿತಿಯಲ್ಲಿದ್ದಾರೆ ಎಂದು ಯೋಚಿಸಿರಲಿಲ್ಲ. ಇಬ್ಬರ ಚೀಟಿ ಅದಲುಬದಲಾಗಿ ಬಿದ್ದಿದ್ದರೂ ಸಾಕಿತ್ತು. ಮಹಬೂಬ್ ಕೆಳಗಿನ ಅರ್ಧದಲ್ಲಿ ಡಾಕ್ಟರನ್ನೋ ಸಬ್ ರಿಜಿಸ್ಟ್ರಾರರನ್ನೋ ಎದುರಿಸುತ್ತಿದ್ದ, ಅವರಿಗೂ ಅವನ ಕೆಲಸಕ್ಕೂ ಸಂಬಂಧವಿರಲಿಲ್ಲ. ಗೋಪಾಲಪ್ಪ ಮೇಲೆ ಅಮಲ್ದಾರರನ್ನು ಎದುರಿಸುತ್ತಿದ್ದ. ಗೋಪಾಲಪ್ಪ ವಿದ್ಯಾ ಇಲಾಖೆಯವನು, ಅಮಲ್ದಾರರಿಗೆ ನಮಸ್ಕಾರ ಹೇಳಿದರೆ ಮುಗಿಯಿತು. ಆದರೆ ಚೀಟಿ ಎತ್ತಿಯಾಗಿತ್ತು, ಸಹಿ ಬಿದ್ದಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ರಾಮಾಂಜಿನಪ್ಪ ಸಹಿಯಾದ ಕಾಗದ ತಿದ್ದಿದವರಲ್ಲ.

"ಎಂಥ ಕತ್ತೆ ನಾನು," ಎಂದರು ಜೋರಾಗಿ. ಲಕ್ಷ್ಮೀದೇವಮ್ಮ ಅಡ್ಡ ಮಾತಾಡಲಿಲ್ಲ.

ಪಂದ್ಯಗಳು ಗುರುವಾರ ಶುರುವಾದವು. ಅಮಲ್ದಾರರು ರಾಮಾಂಜಿನಪ್ಪನವರನ್ನು ಎರಡು ಸೆಟ್ಟಿನಲ್ಲಿ ಸೋಲಿಸಿ, "ಇಂಪ್ರೂವ್ ಆಗಿದೀರಿ" ಎಂದು ಬೆನ್ನು ತಟ್ಟಿದರು. ಶುಕ್ರವಾರ ಅವರ ಎದುರು ಬಂದ ಮಧುರೆ ಹೋಬಳಿಯ ಶೇಕದಾರರು, ಅರ್ಧ ಪಂದ್ಯದಲ್ಲಿ ಮರೆತು ಒಂದು ಒಳ್ಳೆಯ ಹೊಡೆತ ಹೊಡೆದು, ತಕ್ಷಣ ಕ್ಷಮೆ ಕೇಳಿ ಸೋತರು. ಅದೇ ದಿನ ಮಹಬೂಬ್ ಇನ್ಸ್‌ಪೆಕ್ಟರನ್ನು ಸೋಲಿಸಿದ. ಇನ್ಸ್‌ಪೆಕ್ಟರಿಗೆ ಬೇಗ ಮನೆಗೆ ಹೋಗಲು ಸಿಕ್ಕಿದ್ದರಿಂದ ಬೇಸರವಾಗಲಿಲ್ಲ. ಕೆಳಗಿನ ಅರ್ಧದಲ್ಲಿ ಗೋಪಾಲಪ್ಪ ಡಾಕ್ಟರನ್ನು ಮುಗಿಸಿದ. ಊರಿಗಿದ್ದ ಒಬ್ಬರೇ ಡಾಕ್ಟರಾದ್ದರಿಂದ ಅವರನ್ನು ಸೋಲಿಸಲು ಜನ ಹಿಂದೆಮುಂದೆ ನೋಡುತ್ತಿದ್ದರು. ಗೋಪಾಲಪ್ಪನಿಗೆ ಹುಟ್ಟಿದಾಗಿನಿಂದ ಜ್ವರ ಬಂದಿರಲಿಲ್ಲ.

ಆ ಸಂಜೆ ಕೋರ್ಟಿನ ಪಕ್ಕದಲ್ಲಿ ಮಹಬೂಬ್ ರಾಮಾಂಜಿನಪ್ಪನವರ ಬಳಿ ಬಂದು ನಿಂತ. ರ‍್ಯಾಕೆಟ್ಟನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತುತ್ತಿದ್ದ.

"ಅಣ್ಣಾ, ನಾಳೆ ಸಾಹೇಬ್ರಿಗೆ ಎಷ್ಟಕ್ಕೆ ಸೋಲ್ಲಿ? ಹೋದ ವರ್ಷ ಆರು-ನಾಲ್ಕು, ಆರು-ನಾಲ್ಕು ಮಾಡಿದ್ದೆ. ಸರಿಯಾಗಿತ್ತಾ?"

"ಸೋಲ್ತೀಯಾ?"

"ಗೆದ್ದು ಏನ್ ಮಾಡ್ಲಿ? ಡಿ.ಸಿ. ಸಾಹೇಬ್ರು ನನ್ನ ಒಪ್ಪಿದ್ರೆ ಸರಿ. ಒಪ್ಪದಿದ್ರೆ? ಮಾರ್ಚ್ ಆದ್ಮೇಲೆ ಇನ್ನೊಂದು ಕಡೆ ಕೆಲಸ ಕೇಳೋಕೆ ಸಾಹೇಬ್ರ ಸರ್ಟಿಫಿಕೇಟೇ ಬೇಕು. ಅದೂ ಹೋಗ್ತದೆ."

ಮಹಬೂಬನ ಮುಖದಲ್ಲಿ ಸಿಟ್ಟಾದರೂ ಇದ್ದಿದ್ದರೆ ರಾಮಾಂಜಿನಪ್ಪನವರಿಗೆ ಸಮಾಧಾನವಾಗುತ್ತಿತ್ತು. ಅದೂ ಇರಲಿಲ್ಲ. ಕಚೇರಿಯಲ್ಲಿ ಕಡತ ಯಾವ ಕಟ್ಟಿಗೆ ಸೇರಿಸಲಿ ಎಂದು ಕೇಳುವಾಗಿನ ಮುಖವೇ ಅದು.

ಶನಿವಾರ ಬೆಳಿಗ್ಗೆ ರಾಮಾಂಜಿನಪ್ಪ ಸ್ನಾನ ಮಾಡಿ, ಪೇಟ ಸುತ್ತಿ, ಪಂದ್ಯದ ರಿಜಿಸ್ಟರನ್ನು ಕಂಕುಳಲ್ಲಿ ಹಿಡಿದು ಅಮಲ್ದಾರರ ಕೋಣೆಗೆ ಹೋದರು. ಅಮಲ್ದಾರರು ಬಾಗಿಲಲ್ಲಿ ನಿಂತಿದ್ದ ಡಫೇದಾರನನ್ನು ಆಚೆ ಕಳಿಸಿದ ಮೇಲೆ, ಸುಮ್ಮನೆ ನಿಂತರೆ ಧೈರ್ಯ ಹೋಗುತ್ತದೆಂದು ಒಂದೇ ಉಸಿರಿಗೆ ಹೇಳಿಬಿಟ್ಟರು.

"ಸ್ವಾಮಿ, ತಮ್ಮನ್ನ ಒಂದನೇ ಸಾಲಲ್ಲಿ ಬರೆದಿದ್ದು ನನ್ನ ತಪ್ಪು. ತಾವು ಒಂದನೇವ್ರಲ್ಲ."

"ಮತ್ತೆ? ಎರಡನೇವ್ನಾ?"

"ಅಲ್ಲ ಸ್ವಾಮಿ."

ಅಮಲ್ದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೊಡಿ ಇಲ್ಲಿ ರಿಜಿಸ್ಟರು."

ಕನ್ನಡಕ ಮತ್ತೆ ಹಾಕಿಕೊಂಡು ಹೋದ ವರ್ಷದ ಪುಟ ತೆಗೆದರು. ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಕೇಳಿದರು.

"ಈ ಶೇಕದಾರ?"

"ಬಿಟ್ಟುಕೊಟ್ಟಿದ್ದು ಸ್ವಾಮಿ."

"ಈ ನೂಲಿನೋನು?"

"ಬಿಟ್ಟುಕೊಟ್ಟಿದ್ದು."

"ಮಹಬೂಬ? ಇಲ್ಲಿ ಆರು-ನಾಲ್ಕು ಅಂತಿದೆ. ನಾನು ಕಷ್ಟಪಟ್ಟು ಗೆದ್ದ ನೆನಪು."

"ಕಷ್ಟ ಅವನೂ ಪಟ್ಟ ಸ್ವಾಮಿ. ಆರು-ನಾಲ್ಕಕ್ಕೆ ಸೋಲೋದು ಸುಲಭ ಅಲ್ಲ."

ಪುಟ ತಿರುಗಿತು. ಇನ್ನೊಂದು ತಿರುಗಿತು. ಹೊರಗೆ ಯಾರೋ ಅರ್ಜಿದಾರ ಕೆಮ್ಮಿದ.

"ಡಾಕ್ಟ್ರು ಮೂರು ಫೈನಲ್ಲೂ ಬಿಟ್ಕೊಟ್ರಾ?"

"ಇಲ್ಲ ಸ್ವಾಮಿ. ಅವರು ಆಡೋದೇ ಹಂಗೆ."

"ನೀವು?"

"ನಾನು ಎರಡು ಸಲಾನೂ ನಿಜವಾಗ್ಲೂ ಸೋತೆ ಸ್ವಾಮಿ. ಮೊನ್ನೇದೂ ಸೇರಿ ಮೂರು."

ಅಮಲ್ದಾರರು ರಿಜಿಸ್ಟರು ಮುಚ್ಚಿದರು. ಅವರ ಕಿವಿ ಕೆಂಪಾಗಿತ್ತು. ಐವತ್ತು ದಾಟಿದ ಮನುಷ್ಯ, ಪ್ರತಿ ಸಂಜೆ ಕನ್ನಡಿಯ ಮುಂದೆ ನಿಂತು ಬಿಳಿ ಷರಾಯಿಯ ಪಟ್ಟಿ ಬಿಗಿದುಕೊಂಡು ಕೋರ್ಟಿಗೆ ಹೊರಡುತ್ತಿದ್ದವರು. ಅವರನ್ನು ಆ ಸ್ಥಿತಿಯಲ್ಲಿ ನೋಡಿ ರಾಮಾಂಜಿನಪ್ಪನವರಿಗೆ ಹೇಳಬಾರದಿತ್ತು ಎನ್ನಿಸಿತು. ಕಪ್ಪನ್ನು ಅವರ ಕೈಯಿಂದ ಕಿತ್ತುಕೊಂಡಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

"ನಾಲ್ಕೂವರೆಗೆ ಅಲ್ವೇ ಪಂದ್ಯ," ಎಂದರು ಕೊನೆಗೆ. "ಹೋಗಿ, ಕೆಲಸ ನೋಡಿ."

ನಾಲ್ಕೂವರೆಗೆ ಕೋರ್ಟಿನ ಸುತ್ತ ಇಪ್ಪತ್ತು ಮೂವತ್ತು ಜನ. ಯುದ್ಧಕ್ಕೆ ಮುಂಚೆ ಕೊಂಡ ಚೆಂಡುಗಳು ನವಿರೆಲ್ಲ ಉದುರಿ ಬೋಳಾಗಿದ್ದವು. ಮಹಬೂಬ್ ಸರ್ವ್ ಮಾಡಿದ, ಚೆಂಡು ನೆಟ್ಟಿಗೆ ಬಿತ್ತು. ಇನ್ನೊಂದು ಮಾಡಿದ, ಅದೂ ನೆಟ್ಟಿಗೆ. ಮೂರನೆಯದನ್ನೂ ಕೈ ಸಡಿಲ ಬಿಟ್ಟು ಹೊಡೆಯುವಷ್ಟರಲ್ಲಿ ಅಮಲ್ದಾರರು ಕೈ ಎತ್ತಿ ನೆಟ್ಟಿನ ಬಳಿ ಬಂದರು. ಅಂಪೈರಾಗಿದ್ದ ರಾಮಾಂಜಿನಪ್ಪನವರಿಗೆ ಮಾತ್ರ ಕೇಳಿಸಿತು.

"ಏನಯ್ಯಾ ಇದು?"

"ಸ್ವಾಮಿ, ಕೈ..."

"ಕೈ ಸರಿಯಾಗೇ ಇದೆ ಅಂತ ಗೊತ್ತಾಗಿದೆ. ಆಡು. ಒಂದು ಗೇಮ್ ಬಿಟ್ಟುಕೊಟ್ರೂ ಸರ್ಟಿಫಿಕೇಟಲ್ಲಿ ಮೋಸಗಾರ ಅಂತ ಬರೀತೀನಿ. ಇದು ಆರ್ಡರು."

ಮಹಬೂಬ್ ರಾಮಾಂಜಿನಪ್ಪನವರ ಕಡೆ ನೋಡಿದ. ರಾಮಾಂಜಿನಪ್ಪ ಆಕಾಶದ ಕಡೆ ನೋಡಿದರು. ಮಹಬೂಬ್ ಸರ್ಕಾರಿ ನೌಕರ, ಆರ್ಡರಿಗೆ ತಲೆಬಾಗಲೇಬೇಕು.

ಆಮೇಲೆ ನಡೆದದ್ದು ಇಪ್ಪತ್ತೆಂಟು ನಿಮಿಷ. ಅಮಲ್ದಾರರು ಎಡಕ್ಕೆ ಓಡಿದರೆ ಚೆಂಡು ಬಲಕ್ಕೆ, ಬಲಕ್ಕೆ ಓಡಿದರೆ ತಲೆಯ ಮೇಲೆ. ಒಂದು ಸಲ ಅವರು ಬಿದ್ದರು, ಡಫೇದಾರ ಓಡಿ ಬಂದಾಗ ಕೈ ಬೀಸಿ ಕಳಿಸಿ, ಮೊಣಕಾಲಿನ ಕೆಂಪು ಮಣ್ಣು ಕೊಡವಿಕೊಂಡು ಎದ್ದರು. ನೋಡುತ್ತಿದ್ದವರು ಮೊದಲು ಪಿಸುಗುಟ್ಟಿದರು, ಆಮೇಲೆ ಅದನ್ನೂ ನಿಲ್ಲಿಸಿದರು. ಚಪ್ಪಾಳೆ ತಟ್ಟಲು ಯಾರಿಗೂ ಧೈರ್ಯವಾಗಲಿಲ್ಲ. ಆರು-ಸೊನ್ನೆ, ಆರು-ಸೊನ್ನೆ. ರಾಮಾಂಜಿನಪ್ಪ ಸ್ಕೋರು ಕೂಗಿದರು. ಅಮಲ್ದಾರರು ನೆಟ್ಟಿನ ಮೇಲೆ ಕೈ ಚಾಚಿ ಮಹಬೂಬನ ಕೈ ಕುಲುಕಿ, ಟವಲನ್ನು ಹೆಗಲ ಮೇಲೆ ಹಾಕಿಕೊಂಡು ಒಬ್ಬರೇ ನಡೆದುಕೊಂಡು ಮನೆಗೆ ಹೋದರು.

ಭಾನುವಾರ ಡಿ.ಸಿ. ಸಾಹೇಬರು ಮೂರು ಗಂಟೆಗೇ ಕಾರಿನಲ್ಲಿ ಬಂದರು. ಅಮಲ್ದಾರರು ಅವರ ಬಲಗಡೆ, ಡಾಕ್ಟರು ಎಡಗಡೆ, ಹಿಂದೆ ರಿಜಿಸ್ಟರು ಹಿಡಿದು ರಾಮಾಂಜಿನಪ್ಪ. ತನ್ನ ಸೆಮಿಫೈನಲ್ ಗೆದ್ದು ಬಂದಿದ್ದ ಗೋಪಾಲಪ್ಪನಿಗೂ ಮಹಬೂಬನಿಗೂ ಫೈನಲ್ ಪಂದ್ಯ ಎರಡೂವರೆ ಗಂಟೆ ನಡೆಯಿತು. ಡಿ.ಸಿ. ಸಾಹೇಬರು ಕುರ್ಚಿಯ ತುದಿಗೆ ಬಂದು, ಎರಡು ಸಲ ಎದ್ದು ನಿಂತು, ಒಂದು ಸಲ ಡಾಕ್ಟರ ತೊಡೆಯ ಮೇಲೆ ಗುದ್ದಿದರು. ಮೂರನೇ ಸೆಟ್ಟಿನಲ್ಲಿ ಮಹಬೂಬನ ಕಾಲು ಸೋತಿತು. ಗೋಪಾಲಪ್ಪ ಏಳು-ಐದಕ್ಕೆ ಗೆದ್ದ.

ರಾಮಾಂಜಿನಪ್ಪ ರಿಜಿಸ್ಟರಿನಲ್ಲಿ ಸ್ಕೋರು ಬರೆದುಕೊಂಡರು. ಸೋತವನನ್ನು ಯಾರು ಕೇಳುತ್ತಾರೆ?

"ಡ್ರಿಲ್ ಮೇಷ್ಟ್ರು ಗಟ್ಟಿಗರು," ಎಂದರು ಡಿ.ಸಿ. ಸಾಹೇಬರು. "ಬರ್ತಾರಾ ನಮ್ಮಲ್ಲಿಗೆ?"

"ಅವರು ಖಾಯಂ ಆಗಿದಾರೆ ಸ್ವಾಮಿ, ಬೇರೆ ಇಲಾಖೆ," ಎಂದರು ಅಮಲ್ದಾರರು.

"ಇನ್ನೊಬ್ಬನೂ ಪರವಾಗಿಲ್ಲ. ಆದ್ರೆ ಒಂದು ಪಂದ್ಯ ನೋಡಿ, ಅದ್ರಲ್ಲೂ ಸೋತವನನ್ನ ಹೇಗೆ ತಗೊಳ್ಳೋದು? ಇಲ್ಲಿಗೆ ಯಾರನ್ನ ಸೋಲಿಸಿ ಬಂದ? ಚಾರ್ಟು ಕೊಡಿ ನೋಡೋಣ."

ರಾಮಾಂಜಿನಪ್ಪ ಹಲಗೆಯಿಂದ ಚಾರ್ಟು ಬಿಡಿಸಿ ತಂದು ಕೊಟ್ಟರು. ಡಿ.ಸಿ. ಸಾಹೇಬರ ಬೆರಳು ಏಳನೇ ಸಾಲಿನಿಂದ ಹೊರಟು ಮೂರನೇ ಸೀಡನ್ನು ದಾಟಿ ಸೆಮಿಫೈನಲ್ಲಿಗೆ ಬಂದು ನಿಂತಿತು. ಅಲ್ಲಿ ಹೆಸರಿನ ಬದಲು ಸೀಡಿನ ಅಂಕಿ ಮಾತ್ರ ಬರೆದಿತ್ತು.

"ಒಂದನೇ ಸೀಡನ್ನ ಆರು-ಸೊನ್ನೆ, ಆರು-ಸೊನ್ನೆಗೆ ಸೋಲಿಸಿದಾನೆ! ಯಾರು ಈ ಒಂದನೇ ಸೀಡು?"

ಸುತ್ತಲಿದ್ದವರೆಲ್ಲ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು.

"ನಾನೇ ಸ್ವಾಮಿ," ಎಂದರು ಅಮಲ್ದಾರರು. "ಮೂರು ವರ್ಷ ಯಾರಿಗೂ ಸೋತಿರಲಿಲ್ಲ. ರಿಜಿಸ್ಟರಿದೆ."

ಡಿ.ಸಿ. ಸಾಹೇಬರು ಒಳ್ಳೆಯವರು. ಕೈಕೆಳಗಿನ ಅಧಿಕಾರಿಗೆ ಇಷ್ಟು ಜನರ ಎದುರು ಮುಜುಗರವಾಯಿತೆಂದು ಅರ್ಥಮಾಡಿಕೊಂಡು, ತಪ್ಪಿಸಿಕೊಳ್ಳಲು ಒಂದು ದಾರಿ ತೆಗೆದುಕೊಟ್ಟರು. "ನಿನ್ನೆ ಮೈ ಸರಿ ಇರಲಿಲ್ವೇನೋ ನಿಮ್ಗೆ?"

ಹೌದು ಎಂದರೆ ಅಮಲ್ದಾರರ ಮಾನ ಉಳಿಯುತ್ತದೆ, ಮಹಬೂಬನ ಗೆಲುವು ಒಬ್ಬ ಕಾಯಿಲೆಯವನನ್ನು ಗೆದ್ದಂತಾಗುತ್ತದೆ. ಇಡೀ ಊರು ಕಾಯುತ್ತಿತ್ತು. ಹೌದು ಎನ್ನುತ್ತಾರೆಂದೇ ಎಲ್ಲರಿಗೂ ಗೊತ್ತಿತ್ತು.

"ಮೈ ಚೆನ್ನಾಗೇ ಇತ್ತು," ಎಂದರು ಅಮಲ್ದಾರರು, ಎಲ್ಲರಿಗೂ ಕೇಳುವ ಹಾಗೆ. "ನನ್ನ ಕೈಲಾದಷ್ಟೂ ಆಡ್ದೆ ಸ್ವಾಮಿ. ಒಂದು ಗೇಮ್ ಕೂಡ ಬರ್ಲಿಲ್ಲ."

ಡಿ.ಸಿ. ಸಾಹೇಬರು ಚಾರ್ಟು ಮಡಿಸಿ ಜೇಬಿಗಿಟ್ಟುಕೊಂಡು, ಮಹಬೂಬನನ್ನು ಕರೆಯಲು ಹೇಳಿದರು. ರಾಮಾಂಜಿನಪ್ಪ ಕರೆಯಲು ಹೊರಟವರು ಒಂದು ಹೆಜ್ಜೆ ಹಿಂದೆ ಬಂದು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಕೆಲಸದ ಮಾತೇನೂ ಇಲ್ಲದೆ ಅಮಲ್ದಾರರಿಗೆ ಕೈ ಮುಗಿದರು.

"ನಿಂತ್ಕೊಂಡು ಏನ್ ನೋಡ್ತಿದೀರಿ," ಎಂದರು ಅಮಲ್ದಾರರು, ಮುಖ ಆ ಕಡೆ ತಿರುಗಿಸಿಕೊಂಡು. "ಕರೀರಿ ಅವನನ್ನ."